ಮುಖಚಿತ್ರವಾದ ಮಗುವಿನ ಮುಖ

ಜಿಲ್ಲಾ ಕೇಂದ್ರವೊಂದರ ಯೂಟ್ಯೂಬ್ ಸುದ್ದಿ ಚಾನೆಲ್ ಒಂದನ್ನು ಕಲ್ಪಿಸಿಕೊಳ್ಳಿ. ಊರಾಚೆಯ ಇಟ್ಟಿಗೆ ಗೂಡಿನಲ್ಲಿ ದುಡಿಯುತ್ತಿದ್ದ ಮಕ್ಕಳನ್ನು ಅಧಿಕಾರಿಗಳು ಬಿಡಿಸಿಕೊಂಡು ಬಂದು ಬಾಲಮಂದಿರಕ್ಕೆ ಕಳಿಸಿದ್ದಾರೆ. ಚಾನೆಲ್‌ನವರು ನಾಲ್ಕು ನಿಮಿಷದ ವರದಿ ಮಾಡಿದ್ದಾರೆ. ಅದರಲ್ಲಿ 1:50ರಿಂದ 2:10ರವರೆಗೆ, ಅಂದರೆ ಇಪ್ಪತ್ತು ಸೆಕೆಂಡು, ಹತ್ತು ವರ್ಷದ ಹುಡುಗಿಯೊಬ್ಬಳು ಮಾತಾಡುತ್ತಾಳೆ. ಎಡಿಟರ್ ಜಾಗರೂಕ. ಅವಳ ಮುಖಕ್ಕೆ ಬ್ಲರ್ ಹಾಕಿದ್ದಾನೆ. ಥಂಬ್‌ನೇಲ್‌ಗೆ ಇಟ್ಟಿಗೆ ಗೂಡಿನ ಫೋಟೊ ಇಟ್ಟು, ಮೇಲೆ ಹಳದಿ ಅಕ್ಷರದಲ್ಲಿ ತಲೆಬರಹ ಬರೆದಿದ್ದಾನೆ. ಕಾನೂನಿನ ಮಟ್ಟಿಗೆ, ಮರ್ಯಾದೆಯ ಮಟ್ಟಿಗೆ ಎಲ್ಲವೂ ಸರಿಯಾಗಿದೆ ಎಂದೇ ಯಾರಿಗಾದರೂ ಅನ್ನಿಸುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಆ ಹುಡುಗಿಯ ಮುಖ ಸ್ಪಷ್ಟವಾಗಿ ಕಾಣುವ ಚಿತ್ರವೊಂದು ಅದೇ ವಿಡಿಯೊದ ಹೆಸರಿನಲ್ಲಿ ಅಂತರ್ಜಾಲದಲ್ಲಿ ಉಳಿದುಬಿಡಬಹುದು. ಥಂಬ್‌ನೇಲ್ ಎಂದರೆ ತಾನು ಇಟ್ಟ ಒಂದು ಚಿತ್ರ ಎಂದು ಎಡಿಟರ್ ಅಂದುಕೊಂಡಿದ್ದಾನೆ. ವಿಡಿಯೊ ಹೋದಲ್ಲೆಲ್ಲ ಅದಕ್ಕೆ ಹಲವು ಮುಖಚಿತ್ರಗಳು ಹುಟ್ಟುತ್ತವೆ, ಅವುಗಳಲ್ಲಿ ಹೆಚ್ಚಿನವನ್ನು ಯಾರೂ ಕೂತು ಆರಿಸಿರುವುದಿಲ್ಲ.

ಯೂಟ್ಯೂಬ್‌ನಿಂದಲೇ ಶುರು ಮಾಡೋಣ. ವಿಡಿಯೊ ಏರಿಸಿದ ಸ್ವಲ್ಪ ಹೊತ್ತಿಗೆ ಅದು ತಾನೇ ಮೂರು ಚಿತ್ರಗಳನ್ನು ಹೆಕ್ಕಿ ಮುಂದಿಡುತ್ತದೆ. ಇವು ಸಾಮಾನ್ಯವಾಗಿ ವಿಡಿಯೊದ ಮೊದಲ ಭಾಗ, ನಡುಭಾಗ, ಕೊನೆಯ ಭಾಗಗಳಿಂದ ಬಂದವು. ಬಳಕೆದಾರ ಇವುಗಳಲ್ಲಿ ಒಂದನ್ನು ಒಪ್ಪಬಹುದು, ಇಲ್ಲವೇ ತನ್ನದೇ ಚಿತ್ರ ಹಾಕಬಹುದು. ತನ್ನದೇ ಚಿತ್ರ ಹಾಕಬೇಕಾದರೆ ಖಾತೆಯ ಫೋನ್ ನಂಬರ್ ಪರಿಶೀಲನೆ ಆಗಿರಬೇಕು. ಚಿತ್ರ 1280 ಪಿಕ್ಸೆಲ್ ಅಗಲ, 720 ಪಿಕ್ಸೆಲ್ ಎತ್ತರ ಇದ್ದರೆ ಸರಿಹೊಂದುತ್ತದೆ. ಇಷ್ಟು ಎಲ್ಲ ಚಾನೆಲ್‌ನವರಿಗೂ ಗೊತ್ತು. ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ತನ್ನ ಚಿತ್ರ ಹಾಕಿದ ಮಾತ್ರಕ್ಕೆ ಆ ಮೂರು ಚಿತ್ರಗಳು ಅಳಿದುಹೋಗುವುದಿಲ್ಲ. ಅವು ಯೂಟ್ಯೂಬ್‌ನ ಸರ್ವರ್‌ನಲ್ಲಿ ತಮ್ಮ ತಮ್ಮ ವಿಳಾಸದಲ್ಲಿ ಹಾಗೇ ಇರುತ್ತವೆ. ವಿಡಿಯೊ ಲಿಂಕ್‌ನಲ್ಲಿ ಬರುವ ಹನ್ನೊಂದು ಅಕ್ಷರದ ಗುರುತನ್ನು `VIDEO_ID` ಇರುವ ಜಾಗದಲ್ಲಿ ಹಾಕಿದರೆ ಬ್ರೌಸರ್‌ನಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದು:

```
https://i.ytimg.com/vi/VIDEO_ID/1.jpg
https://i.ytimg.com/vi/VIDEO_ID/2.jpg
https://i.ytimg.com/vi/VIDEO_ID/3.jpg
```

ನಾಲ್ಕು ನಿಮಿಷದ ವರದಿಯಲ್ಲಿ ಹುಡುಗಿ ಮಾತಾಡುವುದು ಎರಡನೇ ನಿಮಿಷದ ಆಚೀಚೆ. ಅಂದರೆ ವಿಡಿಯೊದ ನಟ್ಟನಡುವೆ. ಮೂರರಲ್ಲಿ ಎರಡನೆಯ ಚಿತ್ರ ಅವಳದೇ ಆಗಿರುವ ಸಾಧ್ಯತೆ ಸಾಕಷ್ಟಿದೆ. ಇದಲ್ಲದೆ ವಿಡಿಯೊದ ಕೆಳಗಿನ ಪಟ್ಟಿಯ ಮೇಲೆ ಮೌಸ್ ಎಳೆದಾಗ ಚಿಕ್ಕ ಚಿಕ್ಕ ಚಿತ್ರಗಳು ಓಡುತ್ತವಲ್ಲ, ಅವೂ ಹೀಗೆ ಮೊದಲೇ ತೆಗೆದಿಟ್ಟ ಫ್ರೇಮ್‌ಗಳೇ. ಹೋಮ್ ಪೇಜಿನಲ್ಲಿ ಥಂಬ್‌ನೇಲ್ ಮೇಲೆ ಮೌಸ್ ನಿಂತರೆ ವಿಡಿಯೊ ಕ್ಲಿಕ್ ಮಾಡದೆಯೇ ಓಡಲು ಶುರುವಾಗುತ್ತದೆ. ಗೂಡಿನ ಫೋಟೊ ಈ ಯಾವುದನ್ನೂ ಮುಚ್ಚುವುದಿಲ್ಲ.

ಅವಳ ಮುಖಕ್ಕೆ ಬ್ಲರ್ ಇತ್ತಲ್ಲ, ಮತ್ತೆ ಭಯವೇಕೆ ಎಂದು ಕೇಳಬಹುದು. ಸಮಸ್ಯೆಯ ಬೇರು ಇರುವುದು ಇಲ್ಲೇ, ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಸೆಕೆಂಡಿಗೆ 25 ಫ್ರೇಮ್‌ಗಳ ಲೆಕ್ಕದಲ್ಲಿ ಇಪ್ಪತ್ತು ಸೆಕೆಂಡಿಗೆ 500 ಫ್ರೇಮ್‌ಗಳು. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಈ ಐನೂರಕ್ಕೂ ಒಂದೊಂದಾಗಿ ಯಾರೂ ಬ್ಲರ್ ಹಾಕುವುದಿಲ್ಲ. ಮೊದಲ ಫ್ರೇಮಿನಲ್ಲಿ ಮುಖದ ಸುತ್ತ ಒಂದು ವೃತ್ತ ಎಳೆದು ಟ್ರ್ಯಾಕಿಂಗ್ ಒತ್ತಿದರೆ, ಮುಖ ಹೋದಲ್ಲೆಲ್ಲ ವೃತ್ತವೂ ಹಿಂಬಾಲಿಸುತ್ತದೆ. ಹುಡುಗಿ ಸುಮ್ಮನೆ ಕೂತು ಮಾತಾಡುವವರೆಗೆ ತೊಂದರೆಯಿಲ್ಲ. ಅವಳು ಪಕ್ಕದಲ್ಲಿ ನಿಂತ ಅಮ್ಮನ ಕಡೆ ತಟ್ಟನೆ ತಿರುಗಿದಾಗ, ಕಣ್ಣೊರೆಸಿಕೊಳ್ಳಲು ಕೈ ಎತ್ತಿದಾಗ, ಕ್ಯಾಮೆರಾದ ಮುಂದೆ ಯಾರಾದರೂ ಹಾದುಹೋದಾಗ ವೃತ್ತಕ್ಕೆ ಮುಖದ ಜಾಡು ತಪ್ಪುತ್ತದೆ. ನಾಲ್ಕೈದು ಫ್ರೇಮ್ ಆದ ಮೇಲೆ ಮತ್ತೆ ಸಿಗುತ್ತದೆ. ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವ ಸಂಧಿಯಲ್ಲೂ ಇದೇ ಕತೆ. ಎಡಿಟರ್ ಬ್ಲರ್ ಅನ್ನು ಒಂದು ಫ್ರೇಮ್ ತಡವಾಗಿ ಶುರು ಮಾಡಿರುತ್ತಾನೆ, ಅಥವಾ ಹಿಂದಿನ ಶಾಟ್ ಕರಗುತ್ತ ಈ ಶಾಟ್ ಮೂಡುವ ಡಿಸಾಲ್ವ್‌ನಲ್ಲಿ ಬ್ಲರ್ ಸೇರಿರುವುದೇ ಇಲ್ಲ.

ಐದು ಫ್ರೇಮ್ ಎಂದರೆ ಸೆಕೆಂಡಿನ ಐದನೇ ಒಂದು ಭಾಗ. ಓಡುವ ವಿಡಿಯೊದಲ್ಲಿ ಅದು ಮಿಂಚಿ ಮಾಯವಾಗುತ್ತದೆ, ಎಡಿಟರ್ ಎರಡು ಸಲ ನೋಡಿದರೂ ಕಣ್ಣಿಗೆ ಬೀಳದಿರಬಹುದು. ಥಂಬ್‌ನೇಲ್ ಮಾಡುವ ಯಂತ್ರಕ್ಕೆ ಓಟ ಗೊತ್ತಿಲ್ಲ. ಅದು ಒಂದೊಂದು ಫ್ರೇಮನ್ನೂ ನಿಂತ ಚಿತ್ರವಾಗಿಯೇ ನೋಡುತ್ತದೆ.

ನೋಡುವುದಷ್ಟೇ ಅಲ್ಲ, ಅಂಥದ್ದನ್ನೇ ಇಷ್ಟಪಡುತ್ತದೆ ಕೂಡ. 2015ರ ಅಕ್ಟೋಬರ್‌ನಲ್ಲಿ ಗೂಗಲ್‌ನ ಎಂಜಿನಿಯರ್‌ಗಳು ತಮ್ಮ ಆಗಿನ ಹೊಸ ಥಂಬ್‌ನೇಲ್ ವ್ಯವಸ್ಥೆಯ ಬಗ್ಗೆ ಬರೆದಿದ್ದರು. ವಿಡಿಯೊದಿಂದ ಸೆಕೆಂಡಿಗೆ ಒಂದರಂತೆ ಫ್ರೇಮ್‌ಗಳನ್ನು ತೆಗೆದು, ಪ್ರತಿಯೊಂದಕ್ಕೂ ಅಂಕ ಕೊಟ್ಟು, ಹೆಚ್ಚು ಅಂಕ ಬಂದವನ್ನು ಮುಂದಿಡುವುದು ಅದರ ರೀತಿ. ಅಂಕ ಕೊಡುವುದನ್ನು ಯಂತ್ರಕ್ಕೆ ಕಲಿಸಿದ್ದು ಹೇಗೆ? ಬಳಕೆದಾರರು ತಾವಾಗಿ ಆರಿಸಿ ಹಾಕಿದ ಥಂಬ್‌ನೇಲ್‌ಗಳನ್ನು ಒಳ್ಳೆಯ ಮಾದರಿ ಎಂದು ತೋರಿಸಿದರು, ವಿಡಿಯೊದಿಂದ ಹಾಗೇ ಹೆಕ್ಕಿದ ಫ್ರೇಮ್‌ಗಳನ್ನು ಕಳಪೆ ಮಾದರಿ ಎಂದು ತೋರಿಸಿದರು. ಜನ ಆರಿಸಿದ ಚಿತ್ರಗಳು ಹೆಚ್ಚಾಗಿ ಮಸುಕಿಲ್ಲದೆ ಚೊಕ್ಕಟವಾಗಿ, ಯಾರೋ ಒಬ್ಬರನ್ನು ನಡುವೆ ಇಟ್ಟುಕೊಂಡಿರುತ್ತವೆ. ಯಂತ್ರವೂ ಅದನ್ನೇ ಕಲಿಯಿತು.

ಈಗ ಹುಡುಗಿಯ ಆ ಐದು ಫ್ರೇಮ್‌ಗಳನ್ನು ನೆನೆಯಿರಿ. ಸುತ್ತಲಿನ 495 ಫ್ರೇಮ್‌ಗಳಲ್ಲಿ ಚಿತ್ರದ ನಡುವೆ ಮಸುಕು ಕಲೆ. ಈ ಐದರಲ್ಲಿ ಮಾತ್ರ ಸ್ಪಷ್ಟವಾದ, ಕಣ್ಣು ತುಂಬಿದ ಮುಖ. ಮಸುಕಿಗೆ ಕಡಿಮೆ ಅಂಕ, ಸ್ಪಷ್ಟತೆಗೆ ಹೆಚ್ಚು ಅಂಕ ಎಂಬ ಲೆಕ್ಕದಲ್ಲಿ ಬ್ಲರ್ ತಪ್ಪಿದ ಫ್ರೇಮೇ ಗೆಲ್ಲುವ ಸಂಭವ ಜಾಸ್ತಿ. ಯಂತ್ರಕ್ಕೆ ದುರುದ್ದೇಶವೇನೂ ಇಲ್ಲ. ಆದರೆ ಬಚ್ಚಿಡಬೇಕಾದದ್ದು ಯಾವುದೋ ಅದೇ ಅದರ ಕಣ್ಣಿಗೆ ಒಳ್ಳೆಯ ಚಿತ್ರ.

ಬ್ಲರ್ ಎಲ್ಲೂ ತಪ್ಪಿಲ್ಲ ಎಂದುಕೊಂಡರೂ ಇನ್ನೊಂದು ತಿರುವಿದೆ. ಟಿವಿಯವರು ಮುಖ ಮುಚ್ಚಲು ಬಳಸುವ ಚೌಕ ಚೌಕದ ಮೊಸಾಯಿಕ್ ದೊಡ್ಡ ಪರದೆಯಲ್ಲಿ ಚೆನ್ನಾಗಿಯೇ ಮುಚ್ಚುತ್ತದೆ. ಅದೇ ಚಿತ್ರವನ್ನು ಚಿಕ್ಕದು ಮಾಡಿದರೆ, ಅಥವಾ ದೂರದಿಂದ ಕಣ್ಣು ಕಿರಿದು ಮಾಡಿ ನೋಡಿದರೆ, ಯಾರೆಂದು ಗೊತ್ತಾಗತೊಡಗುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದ ಲಿಯೋನ್ ಹಾರ್ಮನ್ ಅಬ್ರಹಾಂ ಲಿಂಕನ್‌ನ ಮುಖವನ್ನು ಹೀಗೆ ದಪ್ಪ ಚೌಕಗಳಲ್ಲಿ ಮಾಡಿ ತೋರಿಸಿದ್ದ. 1973ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಹತ್ತಿರದಿಂದ ಬರೀ ಬೂದು ಚೌಕಗಳು, ಹಿಂದೆ ಸರಿದರೆ ಲಿಂಕನ್. ಚಿತ್ರಕಾರ ಸಾಲ್ವಡಾರ್ ಡಾಲಿ ಇದನ್ನೇ ಇಟ್ಟುಕೊಂಡು ಒಂದು ದೊಡ್ಡ ಕ್ಯಾನ್ವಾಸನ್ನೇ ಮಾಡಿದ. ಹೀಗಾಗಲು ಕಾರಣ ಸರಳ. ಮುಖ ಗುರುತಿಸಲು ಕಣ್ಣು, ಮೂಗು, ಕೆನ್ನೆಗಳ ನೆರಳು ಬೆಳಕಿನ ದೊಡ್ಡ ಹಂಚಿಕೆ ಸಾಕು. ಮೊಸಾಯಿಕ್ ಅದನ್ನು ಅಳಿಸುವುದಿಲ್ಲ, ಚೌಕಗಳ ಚೂಪಾದ ಅಂಚುಗಳಿಂದ ಕಣ್ಣನ್ನು ಗೊಂದಲಕ್ಕೆ ಕೆಡವುತ್ತದೆ ಅಷ್ಟೇ. ಚಿತ್ರ ಚಿಕ್ಕದಾದಾಗ ಆ ಅಂಚುಗಳು ಕರಗುತ್ತವೆ. ಥಂಬ್‌ನೇಲ್ ಎಂದರೇನೇ ಚಿಕ್ಕದು ಮಾಡಿದ ಚಿತ್ರ. ಅದನ್ನು ಮೊಬೈಲಿನಲ್ಲಿ ನೋಡುವವರಲ್ಲಿ ಹುಡುಗಿಯ ಊರಿನವರೂ ಇರುತ್ತಾರೆ. ಅವಳನ್ನು ಮೊದಲೇ ಬಲ್ಲವರಿಗೆ ಗುರುತು ಹಿಡಿಯಲು ಬಹಳ ಬೇಕಿಲ್ಲ.

ಆದ್ದರಿಂದ ಮಗುವಿನ ಮುಖ ಮುಚ್ಚಲೇಬೇಕಾದಲ್ಲಿ ಬ್ಲರ್, ಮೊಸಾಯಿಕ್ ಎರಡಕ್ಕಿಂತ ಒಂದೇ ಬಣ್ಣದ ಗಟ್ಟಿ ಪಟ್ಟಿ ವಾಸಿ. ನೋಡಲು ಒರಟು, ನಿಜ. ಆದರೆ ಅದರ ಕೆಳಗೆ ಏನೂ ಉಳಿದಿರುವುದಿಲ್ಲ. ಅದಕ್ಕಿಂತಲೂ ವಾಸಿಯಾದದ್ದು ಮುಖವನ್ನು ಚಿತ್ರೀಕರಿಸದೇ ಇರುವುದು. ಬೆನ್ನ ಹಿಂದಿನಿಂದ ತೆಗೆದ ಶಾಟ್, ಇಟ್ಟಿಗೆ ಹೊತ್ತು ಸುಕ್ಕಾದ ಅಂಗೈ, ನೆಲದ ಮೇಲಿನ ಬರಿಗಾಲು, ಇವು ಆ ವರದಿಗೆ ಮುಖಕ್ಕಿಂತ ಹೆಚ್ಚೇ ಹೇಳಬಲ್ಲವು. ಮುಖವೇ ಇಲ್ಲದ ವಿಡಿಯೊದಿಂದ ಯಾವ ಯಂತ್ರವೂ ಮುಖವನ್ನು ಹೆಕ್ಕಲಾರದು.

ಕಾನೂನು ಈ ವಿಷಯದಲ್ಲಿ ಬಿಗಿಯಾಗಿದೆ. ಬಾಲನ್ಯಾಯ ಕಾಯ್ದೆ, 2015ರ 74ನೇ ಕಲಂ ಪ್ರಕಾರ ಪಾಲನೆ ಮತ್ತು ರಕ್ಷಣೆ ಬೇಕಾದ ಮಗು, ಕಾನೂನಿನೊಂದಿಗೆ ಸಂಘರ್ಷದಲ್ಲಿರುವ ಮಗು, ಅಪರಾಧಕ್ಕೆ ಬಲಿಯಾದ ಅಥವಾ ಸಾಕ್ಷಿಯಾದ ಮಗು ಯಾರೆಂದು ತಿಳಿಯುವಂಥ ಯಾವ ವಿವರವನ್ನೂ ಯಾವ ಮಾಧ್ಯಮದಲ್ಲೂ ಕೊಡುವಂತಿಲ್ಲ. ಹೆಸರು, ವಿಳಾಸ, ಶಾಲೆ, ಫೋಟೊ ಎಲ್ಲವೂ ಇದರಲ್ಲಿ ಬಂತು. ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಲೈಂಗಿಕ ದೌರ್ಜನ್ಯದ ಪ್ರಕರಣವಾದರೆ ಪೋಕ್ಸೊ ಕಾಯ್ದೆ, 2012ರ 23ನೇ ಕಲಂ ಇನ್ನೂ ಗಟ್ಟಿ. ಕುಟುಂಬದ ವಿವರ, ನೆರೆಹೊರೆಯ ವಿವರ ಕೂಡ ನಿಷಿದ್ಧ. ಸಿಬ್ಬಂದಿ ಮಾಡಿದ ತಪ್ಪಿಗೆ ಪ್ರಕಾಶಕ ಅಥವಾ ಮಾಲೀಕನೂ ಹೊಣೆಗಾರ ಎಂದು ಅದರಲ್ಲೇ ಬರೆದಿದೆ. ಹಾಗಾಗಿ ಥಂಬ್‌ನೇಲ್ ಹಾಕಿದ್ದು ಎಡಿಟರ್ ಹುಡುಗ ಎಂದು ಹೇಳಿ ಚಾನೆಲ್ ಮಾಲೀಕ ಜಾರಿಕೊಳ್ಳುವಂತಿಲ್ಲ. ಕಠುವಾ ಪ್ರಕರಣದಲ್ಲಿ ಬಲಿಯಾದ ಬಾಲಕಿಯ ಗುರುತು ಬಯಲು ಮಾಡಿದ್ದಕ್ಕೆ 2018ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ ಹಲವು ಮಾಧ್ಯಮ ಸಂಸ್ಥೆಗಳಿಗೆ ತಲಾ 10 ಲಕ್ಷ ರೂಪಾಯಿ ಕಟ್ಟುವಂತೆ ಹೇಳಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ದೂರದಿಂದಲೂ ಗುರುತು ಹಿಡಿಯಲು ಆಸ್ಪದ ಕೊಡುವ ಸಂಗತಿಯನ್ನು ಪ್ರಕಟಿಸಬಾರದು ಎಂದಿತು. ಕರ್ನಾಟಕಕ್ಕೂ ಈ ಕಲಂ ಹೊಸದಲ್ಲ. ಕಾರವಾರದ ಪತ್ರಿಕೆಯೊಂದು 2017ರಲ್ಲಿ ಬಾಲಕಿಯ ಹೆಸರು ಹಾಕಿ ವರದಿ ಮಾಡಿದ್ದಕ್ಕೆ ಅದರ ಸಂಪಾದಕರ ಮೇಲೆ ಹೂಡಿದ ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಈ ಅಪರಾಧದ ತನಿಖೆಗೆ ಪೊಲೀಸರು ಮೊದಲು ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕೇ ಎಂಬ ಪ್ರಶ್ನೆಯ ಮೇಲೆ 2022ರ ಮಾರ್ಚ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು.

ಈ ಯಾವ ಕಲಮಿನಲ್ಲೂ ವಿಡಿಯೊ ಒಳಗಿನ ಚಿತ್ರ, ವಿಡಿಯೊ ಹೊರಗಿನ ಚಿತ್ರ ಎಂಬ ಭೇದವಿಲ್ಲ. ಹಾಗೆ ನೋಡಿದರೆ ಹೊರಗಿನದೇ ಹೆಚ್ಚು ಅಪಾಯದ್ದು. ನಾಲ್ಕು ನಿಮಿಷದ ವರದಿಯನ್ನು ಪೂರ್ತಿ ನೋಡುವವರು ಕೆಲವರು. ಥಂಬ್‌ನೇಲ್ ಕಣ್ಣಿಗೆ ಬೀಳುವುದು, ಆ ಸುದ್ದಿ ಬೇಡವೆಂದು ಬೆರಳಲ್ಲಿ ಮೇಲಕ್ಕೆ ತಳ್ಳಿ ಹೋಗುವವರಿಗೂ.

ಇನ್ನು ನಮ್ಮ ಎಡಿಟರ್ ಏನು ಮಾಡಬೇಕು?

ಏರಿಸುವ ಮೊದಲೇ ಫ್ರೇಮ್‌ಗಳನ್ನು ನಿಲ್ಲಿಸಿ ನೋಡುವುದು ಮೊದಲ ಕೆಲಸ. ವಿಎಲ್‌ಸಿ ಪ್ಲೇಯರ್‌ನಲ್ಲಿ ವಿಡಿಯೊ ತೆರೆದು 1:50ಕ್ಕೆ ಹೋಗಿ `E` ಕೀಲಿಯನ್ನು ಒತ್ತುತ್ತಾ ಹೋದರೆ ಒಂದೊಂದೇ ಫ್ರೇಮ್ ಮುಂದಕ್ಕೆ ಸರಿಯುತ್ತದೆ. ಐನೂರು ಸಲ ಒತ್ತುವುದು ಬೇಸರದ ಕೆಲಸವೇ. ಅದಕ್ಕೆ ಹಳೆಯ ಫೋಟೊ ಸ್ಟುಡಿಯೊಗಳ ಕಾಂಟ್ಯಾಕ್ಟ್ ಶೀಟ್ ಉಪಾಯ ಒಳ್ಳೆಯದು. ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶ ಆ ಇಪ್ಪತ್ತು ಸೆಕೆಂಡಿನ ಎಲ್ಲ ಫ್ರೇಮ್‌ಗಳನ್ನೂ ಚಿಕ್ಕದು ಮಾಡಿ, ಹಾಳೆಗೆ ಅರವತ್ತರಂತೆ ಜೋಡಿಸಿ ಕೊಡುತ್ತದೆ:

```
ffmpeg -ss 110 -t 20 -i suddi.mp4 -vf "scale=320:-1,tile=10x6" hale%02d.jpg
```

ಇಲ್ಲಿ 110 ಎಂದರೆ 1:50ರ ಸೆಕೆಂಡು ಲೆಕ್ಕ, 20 ಎಂದರೆ ಅಲ್ಲಿಂದ ಮುಂದೆ ಎಷ್ಟು ಸೆಕೆಂಡು ಎಂಬುದು. ಐನೂರು ಫ್ರೇಮ್‌ಗೆ ಒಂಬತ್ತು ಹಾಳೆ ಬರುತ್ತವೆ. ಸಾಲು ಸಾಲಾಗಿ ಮಸುಕು ಮುಖಗಳ ನಡುವೆ ಬ್ಲರ್ ತಪ್ಪಿದ ಒಂದು ಮುಖ ತಟ್ಟನೆ ಎದ್ದು ಕಾಣುತ್ತದೆ. ಓಡುವ ವಿಡಿಯೊದಲ್ಲಿ ಬಚಾವಾದದ್ದು ಹಾಳೆಯ ಮೇಲೆ ಬಚಾವಾಗುವುದಿಲ್ಲ. ಇನ್ನೊಂದು ಲಾಭವೂ ಇದೆ. ಚಿತ್ರಗಳು ಥಂಬ್‌ನೇಲ್‌ನಷ್ಟೇ ಚಿಕ್ಕದಾಗಿರುವುದರಿಂದ, ಮೊಸಾಯಿಕ್ ಆ ಗಾತ್ರದಲ್ಲಿ ನಿಜಕ್ಕೂ ಮುಚ್ಚುತ್ತಿದೆಯೇ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ಶಾಟ್‌ನ ಆರಂಭ ಮತ್ತು ಕೊನೆಗೆ ಇನ್ನೆರಡು ಸೆಕೆಂಡು ಸೇರಿಸಿಕೊಂಡು ಹಾಳೆ ಮಾಡಿದರೆ ಸಂಧಿಯ ತಪ್ಪುಗಳೂ ಸಿಕ್ಕಿಬೀಳುತ್ತವೆ.

ಹಾಳೆ ನೋಡುವಾಗ ಮುಖ ಬಿಟ್ಟು ಉಳಿದದ್ದನ್ನೂ ಗಮನಿಸಬೇಕು. ಯೂನಿಫಾರ್ಮ್‌ನ ಬ್ಯಾಡ್ಜ್, ಬ್ಯಾಗಿನ ಮೇಲೆ ಬರೆದ ಹೆಸರು, ಹಿಂದಿನ ಗೋಡೆಯ ಮೇಲಿನ ಸರ್ಕಾರಿ ಶಾಲೆಯ ಫಲಕ, ಬ್ಲರ್ ಇಲ್ಲದೆ ಪಕ್ಕದಲ್ಲೇ ನಿಂತ ಅಮ್ಮ. ಮಗಳ ಮುಖ ಮುಚ್ಚಿ ಅಮ್ಮನ ಮುಖ ತೋರಿಸಿದರೆ ಊರಿನವರ ಮಟ್ಟಿಗೆ ಮುಚ್ಚಿದ್ದೇನೂ ಇಲ್ಲ. ವರದಿಗಳಲ್ಲಿ ಪದೇಪದೇ ಕಾಣುವ ಎಡವಟ್ಟು ಇದು.

ಮುಂದಿನದು ಏರಿಸುವ ಕ್ರಮ. ನೇರವಾಗಿ ಪಬ್ಲಿಕ್ ಮಾಡಿ ಆಮೇಲೆ ಥಂಬ್‌ನೇಲ್ ಬದಲಿಸುವ ಅಭ್ಯಾಸ ಹಲವರಿಗಿದೆ. ಆ ಹತ್ತು ನಿಮಿಷದಲ್ಲಿ ಲಿಂಕ್ ನಾಲ್ಕು ಗ್ರೂಪ್‌ಗಳಿಗೆ ಹೋಗಿರುತ್ತದೆ, ಯಂತ್ರ ಆರಿಸಿದ ಚಿತ್ರವೂ ಜೊತೆಗೇ ಹೋಗಿರುತ್ತದೆ. ಮೊದಲು ಪ್ರೈವೇಟ್ ಆಗಿ ಏರಿಸಿ, ತನ್ನ ಥಂಬ್‌ನೇಲ್ ಹಾಕಿ, ಆಮೇಲೆ ಅನ್‌ಲಿಸ್ಟೆಡ್ ಮಾಡಿ, ಮೇಲೆ ಹೇಳಿದ ಮೂರು ವಿಳಾಸಗಳನ್ನು ತೆರೆದು ನೋಡಬೇಕು. ಕೆಳಗಿನ ಪಟ್ಟಿಯ ಮೇಲೆ ಮೌಸ್ ಎಳೆದು ಚಿಕ್ಕ ಚಿತ್ರಗಳನ್ನೂ ನೋಡಬೇಕು. ಎಲ್ಲವೂ ಸರಿಯಿದ್ದರೆ ಮಾತ್ರ ಪಬ್ಲಿಕ್. ಮೂರರಲ್ಲಿ ಒಂದರಲ್ಲಾದರೂ ಮುಖ ಕಂಡರೆ ಆ ವಿಡಿಯೊವನ್ನು ಅಳಿಸಿ, ಫೈಲನ್ನೇ ಸರಿಮಾಡಿ ಹೊಸದಾಗಿ ಏರಿಸುವುದೊಂದೇ ದಾರಿ. ಯೂಟ್ಯೂಬ್‌ನಲ್ಲಿ ಒಂದು ಲಿಂಕ್‌ನ ಕೆಳಗಿನ ವಿಡಿಯೊ ತೆಗೆದು ಅದೇ ಲಿಂಕ್‌ಗೆ ಬೇರೆ ಫೈಲ್ ಹಾಕಲು ಬರುವುದಿಲ್ಲ.

ವಾಟ್ಸ್ಆ್ಯಪ್‌ನ ದಾರಿಯೇ ಬೇರೆ. ಅಲ್ಲಿ ವಿಡಿಯೊ ಫೈಲನ್ನೇ ಕಳಿಸಿದರೆ ಮುಖಚಿತ್ರ ಆಗುವುದು ಸಾಮಾನ್ಯವಾಗಿ ಅದರ ಮೊದಲ ಫ್ರೇಮ್. ಆರಿಸುವ ಅವಕಾಶವೇ ಇಲ್ಲ. ಎದುರಿನವರು ವಿಡಿಯೊ ಡೌನ್‌ಲೋಡ್ ಮಾಡದಿದ್ದರೂ ಒಂದು ಮಸುಕು ಚಿತ್ರ ಅವರ ಪರದೆಗೆ ಬಂದಿರುತ್ತದೆ, ಏಕೆಂದರೆ ಆ ಪುಟ್ಟ ಚಿತ್ರ ಸಂದೇಶದ ಜೊತೆಗೇ ಪ್ರಯಾಣ ಮಾಡುತ್ತದೆ. ಹೀಗಾಗಿ ಇಲ್ಲಿ ಕೈಯಲ್ಲಿರುವುದು ಮೊದಲ ಫ್ರೇಮ್ ಒಂದೇ. ವರದಿಯ ಶುರುವಿಗೆ ಎರಡು ಸೆಕೆಂಡಿನ ಶೀರ್ಷಿಕೆ ಕಾರ್ಡ್ ಅಂಟಿಸಿದರೆ ಕೆಲಸ ಮುಗಿಯಿತು. ಕಾರ್ಡ್ ಕಪ್ಪಿನಿಂದ ನಿಧಾನವಾಗಿ ಮೂಡುವಂತಿದ್ದರೆ ಮುಖಚಿತ್ರವೂ ಬರೀ ಕಪ್ಪು ಚೌಕವಾಗುತ್ತದೆ, ಆದ್ದರಿಂದ ಮೊದಲ ಫ್ರೇಮಿನಿಂದಲೇ ಪೂರ್ತಿ ಕಾಣುವಂತಿರಲಿ. ಕಳಿಸುವ ಮುನ್ನ ವಾಟ್ಸ್ಆ್ಯಪ್‌ನಲ್ಲೇ ವಿಡಿಯೊವನ್ನು ಟ್ರಿಮ್ ಮಾಡುವವರು ಒಂದು ನೆನಪಿಡಬೇಕು. ಕತ್ತರಿಸಿದ ಮೇಲೆ ಉಳಿದ ತುಂಡಿನ ಮೊದಲ ಫ್ರೇಮೇ ಹೊಸ ಮುಖಚಿತ್ರ. ಕಾರ್ಡನ್ನೇ ಕತ್ತರಿಸಿ ಎಸೆದರೆ ಮಾಡಿದ್ದೆಲ್ಲ ನೀರುಪಾಲು.

ಲಿಂಕ್ ಕಳಿಸಿದಾಗ ಬರುವ ಚಿತ್ರ ಇನ್ನೊಂದು ಬಗೆ. ಅದು ಲಿಂಕ್ ತೋರಿಸುವ ಪುಟದಲ್ಲಿ ಬರೆದಿಟ್ಟ ಒಂದು ಸಾಲಿನಿಂದ ಬರುತ್ತದೆ. ಚಾನೆಲ್‌ಗೆ ಸ್ವಂತ ವೆಬ್‌ಸೈಟ್ ಇದ್ದರೆ, ವಿಡಿಯೊದ ಪೋಸ್ಟರ್ ಚಿತ್ರವನ್ನೂ ಲಿಂಕ್‌ನ ಚಿತ್ರವನ್ನೂ ಬೇರೆ ಬೇರೆಯಾಗಿ ಬರೆಯಬೇಕು:

```
<meta property="og:image" content="https://example.com/goodu.jpg">
<video controls preload="none" poster="goodu.jpg" src="suddi.mp4"></video>
```

ಮೊದಲ ಸಾಲು ವಾಟ್ಸ್ಆ್ಯಪ್, ಫೇಸ್‌ಬುಕ್‌ಗಳಿಗೆ. ಎರಡನೆಯದರಲ್ಲಿರುವ `poster` ಪುಟದೊಳಗಿನ ವಿಡಿಯೊಗೆ. ಎರಡನ್ನೂ ಬರೆಯದಿದ್ದರೆ ಲಿಂಕ್‌ಗೆ ಪುಟದಲ್ಲಿ ಸಿಕ್ಕ ಯಾವುದೋ ಚಿತ್ರ, ವಿಡಿಯೊಗೆ ಮೊದಲ ಫ್ರೇಮ್ ಬಂದು ಕೂರಬಹುದು. ಅದು ಪಕ್ಕದ ಸುದ್ದಿಯ ಫೋಟೊ ಆದರೆ ಇನ್ನೊಂದು ಅನಾಹುತ. ಬಾಲಕಿಯ ಮೇಲಿನ ದೌರ್ಜನ್ಯದ ಸುದ್ದಿಯ ಲಿಂಕ್‌ಗೆ, ರಸಪ್ರಶ್ನೆಯಲ್ಲಿ ಬಹುಮಾನ ಗೆದ್ದ ಬೇರೆ ಯಾರದೋ ಮಗಳ ಚಿತ್ರ ಅಂಟಿಕೊಂಡರೆ ಆ ಮನೆಯವರ ಪಾಡು ಏನಾಗಬೇಕು!

ಫೋಟೊಗಳಲ್ಲೂ ಇದೇ ಬಗೆಯ ಬಲೆ ಇದೆ. ಕ್ಯಾಮೆರಾದಿಂದ ಬಂದ ಜೆಪೆಗ್ ಫೈಲಿನ ಹೊಟ್ಟೆಯೊಳಗೆ ಅದೇ ಫೋಟೊದ ಪುಟ್ಟ ಪ್ರತಿಯೊಂದು ಇರುತ್ತದೆ. ಕ್ಯಾಮೆರಾದ ಪರದೆಯಲ್ಲಿ ಬೇಗ ತೋರಿಸಲು ಮಾಡಿದ ಏರ್ಪಾಡು ಅದು. ಕೆಲವು ತಂತ್ರಾಂಶಗಳು ದೊಡ್ಡ ಫೋಟೊ ತಿದ್ದುತ್ತವೆ, ಒಳಗಿನ ಪುಟ್ಟದನ್ನು ಹಾಗೇ ಬಿಟ್ಟುಬಿಡುತ್ತವೆ. 2003ರಲ್ಲಿ ಅಮೆರಿಕದ ಟಿವಿ ನಿರೂಪಕಿಯೊಬ್ಬರು ತಮ್ಮ ಫೋಟೊಗಳನ್ನು ಮುಖದ ಭಾಗ ಮಾತ್ರ ಉಳಿಯುವಂತೆ ಕತ್ತರಿಸಿ ಪ್ರಕಟಿಸಿದ್ದರು. ಫೈಲಿನ ಒಳಗಿದ್ದ ಪುಟ್ಟ ಪ್ರತಿಯಲ್ಲಿ ಕತ್ತರಿಸುವ ಮೊದಲಿನ ಚಿತ್ರ ಪೂರ್ತಿಯಾಗಿ ಉಳಿದಿತ್ತು, ಜನ ಅದನ್ನು ಹೊರತೆಗೆದರು. ಮಗುವಿನ ಮುಖಕ್ಕೆ ಪಟ್ಟಿ ಹಾಕಿದ ಫೋಟೊವನ್ನು ಮೂಲ ಫೈಲಾಗಿ ಕಳಿಸುವ ಬದಲು, ಅದನ್ನು ಪರದೆಯ ಮೇಲೆ ತೆರೆದು ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಬಳಸಿದರೆ ಈ ಕಾಟ ತಪ್ಪುತ್ತದೆ. ಸ್ಕ್ರೀನ್‌ಶಾಟ್ ಹೊಸ ಫೈಲು, ಹಳೆಯದರ ಹೊಟ್ಟೆಯಲ್ಲಿದ್ದದ್ದು ಅದಕ್ಕೆ ಬರುವುದಿಲ್ಲ.

ಇದೆಲ್ಲ ಸುದ್ದಿಮನೆಯವರ ತಲೆನೋವು, ಮನೆಯವರಿಗೇನು ಎಂದು ಬಿಡುವಂತಿಲ್ಲ. 2019ರ ಜೂನ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಬ್ರೆಜಿಲ್‌ನ ಒಬ್ಬ ತಾಯಿಯ ಅನುಭವವನ್ನು ವರದಿ ಮಾಡಿತ್ತು. ಹತ್ತು ವರ್ಷದ ಮಗಳು ಗೆಳತಿಯ ಜೊತೆ ಹಿತ್ತಲಿನ ಈಜುಕೊಳದಲ್ಲಿ ಆಡಿದ ವಿಡಿಯೊವನ್ನು ಯೂಟ್ಯೂಬ್‌ಗೆ ಹಾಕಿದ್ದಳು. ಮನೆಯವರು, ಗೆಳತಿಯರು ಮಾತ್ರ ನೋಡುವಂಥ ಸಾಧಾರಣ ವಿಡಿಯೊ. ಕೆಲವೇ ದಿನಗಳಲ್ಲಿ ನೋಟಗಳು ನಾಲ್ಕು ಲಕ್ಷ ತಲುಪಿದವು. ಮಕ್ಕಳ ಇಂಥ ವಿಡಿಯೊಗಳನ್ನೇ ಒಂದರ ಹಿಂದೆ ಒಂದು ನೋಡುವವರ ಪರದೆಗೆ ಯೂಟ್ಯೂಬ್‌ನ ಶಿಫಾರಸು ವ್ಯವಸ್ಥೆ ಇದನ್ನೂ ತಳ್ಳಿತ್ತು. ಅದಕ್ಕೆ ಕೆಲವು ತಿಂಗಳ ಹಿಂದೆಯೇ, ಮಕ್ಕಳ ವಿಡಿಯೊಗಳ ಕೆಳಗೆ ವಿಕೃತರು ಇಂತಿಷ್ಟನೇ ನಿಮಿಷ ನೋಡಿ ಎಂದು ಬರೆದಿಡುವುದು ಬಯಲಾಗಿ, ಅಂಥ ಬಹಳಷ್ಟು ವಿಡಿಯೊಗಳಲ್ಲಿ ಕಾಮೆಂಟ್ ಸೌಲಭ್ಯವನ್ನು ಕಂಪನಿ ತೆಗೆದುಹಾಕಿತ್ತು. ಶಿಫಾರಸಿನ ಸಾಲಿನಲ್ಲಿ ವಿಡಿಯೊವನ್ನು ಪರಿಚಯಿಸುವುದು ಥಂಬ್‌ನೇಲ್. ಮಗುವಿನ ಸ್ನಾನ, ಈಜು, ಬಟ್ಟೆ ಬದಲಿಸುವ ಗಳಿಗೆ ಇರುವ ವಿಡಿಯೊವನ್ನು ಪಬ್ಲಿಕ್ ಆಗಿ ಹಾಕಲೇಬಾರದು. ಶಾಲಾ ವಾರ್ಷಿಕೋತ್ಸವದ ನೃತ್ಯದ ವಿಡಿಯೊ ಹಾಕುವ ಮೇಷ್ಟ್ರು ವೇದಿಕೆಯನ್ನು ದೂರದಿಂದ ತೋರಿಸುವ ಚಿತ್ರವನ್ನು ಮುಖಚಿತ್ರ ಮಾಡಿದರೆ ಸಾಕು, ಯಾವ ಒಂದು ಮಗುವಿನ ಮುಖವೂ ಎದ್ದು ಕಾಣುವುದಿಲ್ಲ, ಕಾರ್ಯಕ್ರಮವೂ ಗೊತ್ತಾಗುತ್ತದೆ.

ಇಷ್ಟಾದರೂ ಒಮ್ಮೊಮ್ಮೆ ಚಿತ್ರ ಹೊರಗೆ ಹೋಗಿಬಿಡುತ್ತದೆ. ಆಗ ಮೊದಲು ವಿಡಿಯೊವನ್ನು ಪ್ರೈವೇಟ್ ಮಾಡಿ, ಹೊರಗೆ ಹೋದದ್ದು ಯಾವ ಚಿತ್ರ ಎಂದು ಖಚಿತವಾದ ಮೇಲೆ ಅಳಿಸಬೇಕು. ಥಂಬ್‌ನೇಲ್ ಬದಲಿಸಿ ಸುಮ್ಮನಾಗುವುದು ಸಾಲದು ಎಂಬುದು ಮೇಲಿನದನ್ನೆಲ್ಲ ಓದಿದವರಿಗೆ ಗೊತ್ತಾಗಿರುತ್ತದೆ. ಸ್ವಂತ ವೆಬ್‌ಸೈಟಿನ ಲಿಂಕ್ ಆಗಿದ್ದರೆ, ಪುಟದಲ್ಲಿ ಚಿತ್ರ ಬದಲಿಸಿದ ಮೇಲೂ ಫೇಸ್‌ಬುಕ್ ತಾನು ಉಳಿಸಿಕೊಂಡ ಹಳೆಯ ಚಿತ್ರವನ್ನೇ ತೋರಿಸುತ್ತಿರುತ್ತದೆ. ಅದರ ಶೇರಿಂಗ್ ಡೀಬಗರ್ ಎಂಬ ಪುಟದಲ್ಲಿ ಲಿಂಕ್ ಹಾಕಿ `Scrape Again` ಒತ್ತಿದರೆ ಹೊಸದನ್ನು ಎತ್ತಿಕೊಳ್ಳುತ್ತದೆ. ಚಿತ್ರದ ಫೈಲಿಗೆ ಹೊಸ ಹೆಸರು ಕೊಟ್ಟು ಹಳೆಯ ಹೆಸರಿನ ಫೈಲನ್ನು ಸರ್ವರ್‌ನಿಂದ ತೆಗೆಯುವುದೂ ಅಷ್ಟೇ ಮುಖ್ಯ. ಪುಟ ಬದಲಾದರೂ ಹಳೆಯ ಚಿತ್ರದ ನೇರ ವಿಳಾಸ ತೆರೆಯುತ್ತಲೇ ಇರುತ್ತದೆ.

ವಾಟ್ಸ್ಆ್ಯಪ್‌ಗೆ ಹೋದದ್ದನ್ನು ಮರಳಿ ಪಡೆಯುವುದು ಎಲ್ಲಕ್ಕಿಂತ ಕಷ್ಟ. ಲಿಂಕ್‌ನ ಜೊತೆಗಿನ ಚಿತ್ರವನ್ನು ಅಲ್ಲಿ ಕಳಿಸುವವರ ಫೋನೇ ತಯಾರಿಸಿ ಸಂದೇಶದೊಳಗೆ ಸೇರಿಸಿರುತ್ತದೆ. ಆಮೇಲೆ ವಿಡಿಯೊ ಅಳಿಸಿದರೂ, ಪುಟ ತಿದ್ದಿದರೂ ಹೋದ ಸಂದೇಶದಲ್ಲಿ ಆ ಚಿತ್ರ ಇದ್ದೇ ಇರುತ್ತದೆ. ಕಳಿಸಿದವರು ಸುಮಾರು ಎರಡು ದಿನಗಳೊಳಗೆ ಎಲ್ಲರಿಗೂ ಅಳಿಸುವ ಆಯ್ಕೆಯನ್ನು ಬಳಸಬಹುದು, ಗ್ರೂಪಿನ ಅಡ್ಮಿನ್ ಬೇರೆಯವರ ಸಂದೇಶವನ್ನೂ ತೆಗೆದುಹಾಕಬಹುದು. ಅಲ್ಲಿಂದ ಬೇರೆ ಗ್ರೂಪಿಗೆ ಫಾರ್ವರ್ಡ್ ಆದದ್ದಕ್ಕೆ ಆ ಗ್ರೂಪಿನ ಅಡ್ಮಿನ್‌ಗೇ ಫೋನ್ ಮಾಡಿ ಕೇಳಿಕೊಳ್ಳಬೇಕು. ಹೀಗೆ ಫೋನ್ ಮಾಡುವಾಗಲೂ ಯಾವ ವಿಡಿಯೊ, ಯಾವ ಹುಡುಗಿ ಎಂದು ಗುರುತು ಹೇಳದೆ, ಇಂಥ ದಿನ ಇಷ್ಟು ಹೊತ್ತಿಗೆ ಬಂದ ಲಿಂಕ್ ತೆಗೆಯಿರಿ ಎಂದಷ್ಟೇ ಹೇಳಬೇಕು.